ಕರಡು ತಿದ್ದುವ ಗುರುತುಗಳು: ಡಿಟಿಪಿಯವರು ಫೋನ್ ಮಾಡಿ ಕೇಳಬೇಕಾಗದ ಹಾಗೆ ತಿದ್ದುವುದು ಹೇಗೆ

ಕೆಲವು ವರ್ಷಗಳ ಹಿಂದೆ ಮಂಡ್ಯ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಊರಿನ ನಾಲೆ, ಗದ್ದೆ, ಜಾತ್ರೆಗಳ ಬಗ್ಗೆ ಬರೆದ ಪುಸ್ತಕದ ಕರಡು ತಿದ್ದುವ ಕೆಲಸ ನನಗೆ ಬಂತು. ಒಂದು ಪುಟದಲ್ಲಿ ಪದದ ಮಧ್ಯೆ ಬೇಡದ ಜಾಗ ಬಿದ್ದಿತ್ತು. ನಾನು ಪಕ್ಕದಲ್ಲಿ ‘ಇಲ್ಲಿ ಜಾಗ ಬೇಡ’ ಎಂದು ಬರೆದು ಒಂದು ಗೆರೆ ಎಳೆದೆ. ಎರಡನೇ ಕರಡು ಮೈಸೂರಿನ ಶಿವರಾಂಪೇಟೆಯ ಡಿಟಿಪಿ ಅಂಗಡಿಯಿಂದ ಬಂದಾಗ ಆ ಸಾಲಿನಲ್ಲಿ ‘ಇಲ್ಲಿ ಜಾಗ ಬೇಡ’ ಎಂಬ ಮೂರು ಪದಗಳು ನೀಟಾಗಿ ಅಚ್ಚಾಗಿ ಕೂತಿದ್ದವು. ಟೈಪ್ ಮಾಡಿದವರದ್ದು ತಪ್ಪಲ್ಲ. ನಾನು ಬರೆದದ್ದು ಸೂಚನೆಯೋ, ಸೇರಿಸಬೇಕಾದ ಪದವೋ ಎಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಕರಡು ತಿದ್ದುವ ಗುರುತುಗಳು ಇರುವುದು ಇದಕ್ಕೇ. ಟೈಪ್ ಮಾಡುವವರು ಪುಸ್ತಕ ಓದುವುದಿಲ್ಲ, ಸಾಲಿನ ಅಂಚನ್ನು ನೋಡುತ್ತಾ ಹೋಗುತ್ತಾರೆ. ಅಂಚಿನಲ್ಲಿ ಏನಾದರೂ ಇದ್ದರೆ ಮಾತ್ರ ಸಾಲಿನೊಳಗೆ ಇಣುಕುತ್ತಾರೆ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನದ್ದೆಲ್ಲ ಸುಲಭ.

ಗುರುತುಗಳಿಗೆ ಮಾನಕಗಳಿವೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 5776, ಬ್ರಿಟನ್ನಿನದ್ದು ಬಿಎಸ್ 5261. ಎಲ್ಲದರಲ್ಲೂ ಗುರುತುಗಳ ಆಕಾರ ಒಂದೇ ಥರ ಇಲ್ಲ, ಸಣ್ಣಪುಟ್ಟ ವ್ಯತ್ಯಾಸ ಉಂಟು. ಆದರೆ ಎಲ್ಲದರ ತಳಹದಿ ಒಂದೇ. ಅವು ರೋಮನ್ ಅಕ್ಷರ ಬಳಸುವವರ ನಡುವೆ ಬೆಳೆದ ಗುರುತುಗಳು. ನಮ್ಮಲ್ಲಿ ಒತ್ತು ಇದೆ, ಗುಣಿತ ಇದೆ, ಸೊನ್ನೆ ಇದೆ. ಹಾಗಾಗಿ ಅವನ್ನು ಕನ್ನಡದ ಪುಟದ ಮೇಲೆ ಇಡುವಾಗ ಎಲ್ಲಿ ಎಡವುತ್ತೇವೆ ಎನ್ನುವುದನ್ನೇ ಇಲ್ಲಿ ಜಾಸ್ತಿ ಹೇಳುತ್ತೇನೆ.

ಮೊದಲು ಪ್ರಿಂಟ್ ಸರಿ ಇರಲಿ

ಎ4 ಹಾಳೆಯ ಒಂದೇ ಬದಿಗೆ ಪ್ರಿಂಟ್ ತೆಗೆಸಿ. ಎರಡೂ ಪಕ್ಕ ಒಂದೂವರೆ ಇಂಚು ಅಂಚು ಬಿಡಿಸಿ. ಸಾಲುಗಳ ನಡುವಿನ ಜಾಗ ಒಂದೂವರೆಯಿಂದ ಎರಡು ಪಟ್ಟು ಇರಲಿ. ಕನ್ನಡದಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ಮುಂದಿನ ಸಾಲಿನ ಗುಡಿಸುಗಳು ಮೇಲಕ್ಕೆ ಏರುತ್ತವೆ. ಸಾಲುಗಳು ಹತ್ತಿರ ಇದ್ದರೆ ನಮ್ಮ ಗುರುತು ಯಾವ ಸಾಲಿನದ್ದು ಎಂದೇ ಗೊತ್ತಾಗುವುದಿಲ್ಲ. ಪುಟಸಂಖ್ಯೆ ಕಡ್ಡಾಯ. ಹಾಳೆಗಳು ಕೈಜಾರಿ ಬಿದ್ದ ದಿನ ಅದರ ಬೆಲೆ ತಿಳಿಯುತ್ತದೆ.

ಪುಸ್ತಕದ ಪುಟ ಕಟ್ಟಿ ಆದ ಮೇಲಿನ ಕರಡಾದರೆ ಸಾಲಿನ ಅಳತೆ ಬದಲಾಯಿಸುವ ಹಾಗಿಲ್ಲ. ಆಗ ಆ ಪುಟವನ್ನು ದೊಡ್ಡ ಹಾಳೆಯ ಮಧ್ಯಕ್ಕೆ ಪ್ರಿಂಟ್ ಮಾಡಿಸಿದರೆ ಸುತ್ತ ಬೇಕಾದಷ್ಟು ಜಾಗ ಸಿಗುತ್ತದೆ.

ಪೆನ್ನಿನ ವಿಷಯ. ಎರಡು ಬಣ್ಣ ಇಟ್ಟುಕೊಳ್ಳಿ. ಟೈಪ್ ಮಾಡುವಾಗ ಆದ ತಪ್ಪಿಗೆ ಕೆಂಪು, ಲೇಖಕರು ಅಥವಾ ಸಂಪಾದಕರು ಮನಸ್ಸು ಬದಲಾಯಿಸಿ ಮಾಡಿದ ತಿದ್ದುಪಡಿಗೆ ನೀಲಿ. ಇದು ಹಳೆಯ ರೂಢಿ, ಇದರ ಹಿಂದೆ ದುಡ್ಡಿನ ಲೆಕ್ಕವಿದೆ. ಕೆಂಪಿನದ್ದನ್ನು ಡಿಟಿಪಿಯವರು ತಮ್ಮ ಖರ್ಚಿನಲ್ಲೇ ಸರಿಮಾಡಬೇಕು. ನೀಲಿ ಜಾಸ್ತಿಯಾದರೆ ಅವರು ಹೆಚ್ಚಿನ ಹಣ ಕೇಳುವುದು ನ್ಯಾಯ. ಪೆನ್ಸಿಲ್ ಬೇಡ. ಜೆರಾಕ್ಸ್‌ನಲ್ಲಿ, ಮೊಬೈಲ್ ಫೋಟೋದಲ್ಲಿ ಅದು ಮಾಸಿಹೋಗುತ್ತದೆ.

ಸಾಲಿನೊಳಗೆ ಒಂದು, ಅಂಚಿನಲ್ಲಿ ಒಂದು

ಪ್ರತಿ ತಿದ್ದುಪಡಿಗೂ ಎರಡು ಗುರುತು. ಸಾಲಿನೊಳಗಿನ ಗುರುತು ‘ಎಲ್ಲಿ’ ಎಂದು ಹೇಳುತ್ತದೆ. ಅಂಚಿನ ಗುರುತು ‘ಏನು’ ಎಂದು ಹೇಳುತ್ತದೆ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಆ ತಿದ್ದುಪಡಿ ಆಗಲಿಲ್ಲ ಎಂದೇ ಲೆಕ್ಕ. ಸಾಲುಗಳ ನಡುವೆ ಜಾಗ ಇದೆ ಎಂದು ಪದದ ತಲೆಯ ಮೇಲೆ ಸಣ್ಣದಾಗಿ ಬರೆದು ಬಿಡುವವರು ತುಂಬ ಜನ. ಸಂಪಾದಕರು ಓದಲಿಕ್ಕೆಂದೇ ಇರುವ ಹಸ್ತಪ್ರತಿಯಲ್ಲಿ ಅದು ನಡೆಯುತ್ತದೆ. ಟೈಪ್ ಮಾಡುವವರಿಗೆ ಹೋಗುವ ಕರಡಿನಲ್ಲಿ ಅದು ಕಣ್ತಪ್ಪುತ್ತದೆ.

ಸಾಲಿನ ಎಡ ಅರ್ಧದಲ್ಲಿರುವ ತಪ್ಪಿಗೆ ಎಡ ಅಂಚು, ಬಲ ಅರ್ಧದ್ದಕ್ಕೆ ಬಲ ಅಂಚು. ಒಂದೇ ಅಂಚಿನಲ್ಲಿ ಎರಡು ಮೂರು ತಿದ್ದುಪಡಿ ಬಂದರೆ ಸಾಲಿನಲ್ಲಿ ಅವು ಬರುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಬರೆಯಿರಿ. ಪ್ರತಿಯೊಂದರ ಕೊನೆಗೆ ಒಂದು ಓರೆಗೆರೆ ( / ) ಹಾಕಿ. ಈ ತಿದ್ದುಪಡಿ ಇಲ್ಲಿಗೆ ಮುಗಿಯಿತು, ಮುಂದಿನದ್ದು ಬೇರೆ ಎಂದು ಅದರ ಅರ್ಥ. ಸಾಲಿನಿಂದ ಅಂಚಿನವರೆಗೆ ಉದ್ದ ಗೆರೆ ಎಳೆಯಬೇಡಿ. ನಾಲ್ಕು ಗೆರೆ ಒಂದನ್ನೊಂದು ದಾಟಿದರೆ ಪುಟ ಜೇಡರಬಲೆ ಆಗುತ್ತದೆ.

ಇನ್ನೊಂದು ನಿಯಮ, ನನಗೆ ಪಾಠ ಕಲಿಸಿದ್ದು. ಅಂಚಿನಲ್ಲಿ ಸುತ್ತು ಹಾಕದೆ ಬರೆದದ್ದನ್ನು ಟೈಪ್ ಮಾಡಬೇಕು. ಸುತ್ತು ಹಾಕಿ ಬರೆದದ್ದು ಸೂಚನೆ, ಟೈಪ್ ಮಾಡಬಾರದು. ‘ದಪ್ಪಕ್ಷರ’, ‘ಮುಂದಿನ ಪುಟಕ್ಕೆ’, ‘ಲೇಖಕರನ್ನು ಕೇಳಿ’ ಇಂಥವೆಲ್ಲ ಸುತ್ತಿನೊಳಗೆ ಇರಬೇಕು. ನನ್ನ ‘ಇಲ್ಲಿ ಜಾಗ ಬೇಡ’ಕ್ಕೆ ಒಂದು ಸುತ್ತು ಇದ್ದಿದ್ದರೆ ಅಷ್ಟೇ ಸಾಕಿತ್ತು.

ದಿನಾ ಬೇಕಾಗುವ ಗುರುತುಗಳು

ಬಿಟ್ಟುಹೋದದ್ದನ್ನು ಸೇರಿಸಲು ಹಂಸಪಾದ ( ‸ ). ಶಾಲೆಯಲ್ಲೇ ಕಲಿತದ್ದು, ಅಲ್ವಾ? ಸಾಲಿನಲ್ಲಿ ಹಂಸಪಾದ, ಅಂಚಿನಲ್ಲಿ ಸೇರಿಸಬೇಕಾದ ಪದ. ಕನ್ನಡದಲ್ಲಿ ಇದನ್ನು ಸಾಲಿನ ಕೆಳಗೆ ಸುಮ್ನೆ ಪುಟ್ಟದಾಗಿ ಹಾಕಿದರೆ ಒತ್ತಕ್ಷರದ ಪಕ್ಕ ಕಳೆದುಹೋಗುತ್ತದೆ. ತುದಿ ಎರಡು ಅಕ್ಷರಗಳ ಮಧ್ಯಕ್ಕೆ ತೂರುವ ಹಾಗೆ ಎತ್ತರಕ್ಕೆ ಎಳೆಯಿರಿ.

ತೆಗೆಯಲು, ಸಾಲಿನಲ್ಲಿ ಆ ಅಕ್ಷರ ಅಥವಾ ಪದದ ಮೇಲೆ ಒಂದು ತೆಳು ಗೆರೆ, ಅಂಚಿನಲ್ಲಿ ಬಾಲವಿರುವ ಕುಣಿಕೆಯಂಥ ಗುರುತು ( ₰ ). ಅವಸರದಲ್ಲಿ ಬರೆದರೆ ಈ ಕುಣಿಕೆ ಕನ್ನಡದ ೪ ಅಂಕಿಯ ಹಾಗೆ ಕಾಣುತ್ತದೆ. ಕನ್ನಡ ಅಂಕಿ ಬಳಸಿರುವ ಪುಸ್ತಕವಾದರೆ ಕುಣಿಕೆಯ ಪಕ್ಕ ಸುತ್ತಿನೊಳಗೆ ‘ತೆಗೆಯಿರಿ’ ಎಂದು ಬರೆಯುವುದು ಕ್ಷೇಮ. ಹೊಡೆದುಹಾಕುವ ಗೆರೆ ತೆಳುವಾಗಿರಲಿ. ಕೆಳಗಿನ ಅಕ್ಷರ ಓದಲು ಬರಬೇಕು. ಏನನ್ನು ತೆಗೆಯುತ್ತಿದ್ದೇವೆ ಎಂದು ನೋಡಿಯೇ ಅವರು ಅಳಿಸುತ್ತಾರೆ.

ಕೂಡಿಸಲು, ಎರಡು ತುಂಡುಗಳನ್ನು ಮೇಲೆ ಒಂದು ಕೆಳಗೆ ಒಂದು ಕಮಾನಿನಿಂದ ಸೇರಿಸಿ, ಅಂಚಿನಲ್ಲೂ ಅದೇ ಜೋಡಿ ಕಮಾನು ಬರೆಯಿರಿ. ‘ಬರುವ ದಿಲ್ಲ’ ಎಂದು ಒಡೆದಿದ್ದರೆ ಇದು ಸಾಕು. ಆದರೆ ಒಂದು ಮಾತು. ‘ಊರು ಅಲ್ಲಿ’ ಎಂದಿದ್ದು ‘ಊರಲ್ಲಿ’ ಆಗಬೇಕಾದರೆ ಕಮಾನು ಸಾಲದು. ಸಂಧಿಯಾದಾಗ ಅಕ್ಷರವೇ ಬದಲಾಗುತ್ತದೆ. ಅಲ್ಲಿ ಎರಡನ್ನೂ ಹೊಡೆದು ಅಂಚಿನಲ್ಲಿ ‘ಊರಲ್ಲಿ’ ಎಂದು ಪೂರ್ತಿ ಬರೆಯಿರಿ. ಪದದ ಮಧ್ಯದಿಂದ ಒಂದು ಅಕ್ಷರ ತೆಗೆಯುವಾಗ ಕುಣಿಕೆಗೂ ಮೇಲೆ ಕೆಳಗೆ ಕಮಾನು ಸೇರಿಸಿ. ಇಲ್ಲದಿದ್ದರೆ ಆ ಅಕ್ಷರ ಹೋದ ಕಡೆ ಖಾಲಿ ಜಾಗ ಉಳಿದುಬಿಡುತ್ತದೆ.

ಬಿಡಿಸಲು, ಸಾಲಿನಲ್ಲಿ ಎರಡು ಪದಗಳ ನಡುವೆ ಒಂದು ನೇರ ಗೆರೆ, ಅಂಚಿನಲ್ಲಿ #. ಹಿಂದುಮುಂದಾದ ಪದಗಳಿಗೆ, ಒಂದರ ಮೇಲೆ ಹತ್ತಿ ಇನ್ನೊಂದರ ಕೆಳಗೆ ಇಳಿಯುವ ಹಾವಿನಂಥ ಗೆರೆ, ಅಂಚಿನಲ್ಲೂ ಅದೇ ( ∽ ). ಇದು ಎರಡು ಪದಗಳಿಗೆ ಚೆನ್ನ. ಮೂರು ನಾಲ್ಕು ಪದ ಕಲಸಿಹೋಗಿದ್ದರೆ ಎಲ್ಲ ಹೊಡೆದು ಸರಿಯಾದ ಕ್ರಮದಲ್ಲಿ ಬರೆದುಬಿಡಿ. ಹೊಸ ಪ್ಯಾರಾಕ್ಕೆ ¶. ಪ್ಯಾರಾ ಬೇಡ, ಮುಂದುವರಿಸಿ ಎನ್ನಲು ಹಿಂದಿನ ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಒಂದು ಬಳುಕು ಗೆರೆ. ದಪ್ಪಕ್ಷರಕ್ಕೆ ಪದದ ಕೆಳಗೆ ಅಲೆಗೆರೆ, ಅದು ಒತ್ತುಗಳನ್ನು ತಾಗದಷ್ಟು ಕೆಳಗೆ ಇರಲಿ.

ಪೂರ್ಣವಿರಾಮದ ಕತೆ ಸ್ವಲ್ಪ ಬೇರೆ. ಅಂಚಿನಲ್ಲಿ ಬರೀ ಚುಕ್ಕಿ ಇಟ್ಟರೆ ಕಾಗದದ ಕಲೆ ಎಂದುಕೊಳ್ಳುತ್ತಾರೆ. ಅದಕ್ಕೆ ಚುಕ್ಕಿಗೆ ಸುತ್ತು ಹಾಕಿ ⊙ ಎಂದು ಬರೆಯುವ ರೂಢಿ. ಸುತ್ತಿನೊಳಗಿನದ್ದು ಸೂಚನೆ ಎಂಬ ನಿಯಮಕ್ಕೆ ಇದೊಂದು ಹೊರತು. ಇಲ್ಲಿ ನಮಗೆ ಇನ್ನೊಂದು ತೊಡಕು. ಒಳಗಿನ ಚುಕ್ಕಿ ಮಸುಕಾದರೆ ಅದು ಸೊನ್ನೆ. ಟೈಪ್ ಮಾಡುವವರು ವಾಕ್ಯದ ಕೊನೆಗೆ ಅನುಸ್ವಾರ ಕೂರಿಸಿಬಿಡುತ್ತಾರೆ. ಚುಕ್ಕಿಯನ್ನು ಒತ್ತಿ ದಪ್ಪವಾಗಿ ಇಡಿ. ಅಲ್ಪವಿರಾಮವೂ ಹೀಗೇ ಕಳೆದುಹೋಗುತ್ತದೆ. ಅದರ ತಲೆಯ ಮೇಲೆ ಒಂದು ಪುಟ್ಟ ಹಂಸಪಾದ ಇಟ್ಟರೆ ಕಣ್ಣಿಗೆ ಬೀಳುತ್ತದೆ.

ಕನ್ನಡದಲ್ಲಿ ಅಕ್ಷರ ಪೂರ್ತಿ ಬರೆಯಿರಿ

ಈ ಒಂದು ಅಭ್ಯಾಸ ಬಂದರೆ ಅರ್ಧ ತೊಂದರೆ ಹೋಗುತ್ತದೆ. ‘ಕಿ’ ಇದ್ದದ್ದು ‘ಕೀ’ ಆಗಬೇಕು ಎಂದಿಟ್ಟುಕೊಳ್ಳಿ. ಅಂಚಿನಲ್ಲಿ ದೀರ್ಘ ಮಾತ್ರ ಬರೆದರೆ ಅದು ಯಾವ ಅಕ್ಷರಕ್ಕೆ ಸೇರಬೇಕು, ಇದ್ದ ಗುಡಿಸು ಇರಬೇಕೋ ಹೋಗಬೇಕೋ ಎಂಬ ಅನುಮಾನ ಹುಟ್ಟುತ್ತದೆ. ‘ಕಿ’ಯನ್ನು ಪೂರ್ತಿ ಹೊಡೆದು ಅಂಚಿನಲ್ಲಿ ‘ಕೀ’ ಎಂದು ಪೂರ್ತಿ ಬರೆಯಿರಿ. ಒತ್ತು ಬಿಟ್ಟುಹೋಗಿದ್ದರೂ ಹಾಗೆಯೇ. ‘ದ’ ಒತ್ತನ್ನು ಒಂದೇ ಬರೆಯಬೇಡಿ, ‘ದ್ದ’ ಎಂದು ಬರೆಯಿರಿ. ಸೊನ್ನೆಯನ್ನಂತೂ ಒಂಟಿಯಾಗಿ ಯಾವತ್ತೂ ಬರೆಯಬೇಡಿ. ಅದು ಅನುಸ್ವಾರವೋ, ಅಂಕಿಯೋ, ಪೂರ್ಣವಿರಾಮದ ಸುತ್ತೋ ಗೊತ್ತಾಗುವುದಿಲ್ಲ. ‘ಕಂ’, ‘ಸಂ’ ಎಂದು ಅಕ್ಷರದ ಜೊತೆಗೇ ಇರಲಿ.

ಒಂದೇ ಪದದಲ್ಲಿ ಎರಡು ಮೂರು ಅಕ್ಷರ ತಪ್ಪಿದ್ದರೆ ಪದವನ್ನೇ ಹೊಡೆದು ಪದವನ್ನೇ ಬರೆಯುವುದು ವಾಸಿ. ಅಂಕಿಗಳಿಗೂ ಇದೇ ದಾರಿ. ಸಂಖ್ಯೆಯ ಒಂದು ಅಂಕಿ ತಪ್ಪಿದ್ದರೂ ಸಂಖ್ಯೆಯನ್ನು ಪೂರ್ತಿ ಬರೆಯಿರಿ.

ಈಗಿನ ಕರಡುಗಳಲ್ಲಿ ಪದೇ ಪದೇ ಬರುವ ಒಂದು ತಪ್ಪು ಹಳೆಯ ಮೊಳೆ ಜೋಡಿಸುವ ಕಾಲದಲ್ಲಿ ಇರಲಿಲ್ಲ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗ ‘ಮಾರ್ಕೆಟ್‌ನಲ್ಲಿ’ ಎಂಬುದು ‘ಮಾರ್ಕೆಟ್ನಲ್ಲಿ’ ಆಗಿಬಿಡುತ್ತದೆ. ‘ಟ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಇರಬೇಕು. ಅದು ಬಿದ್ದುಹೋದರೆ ‘ನ’ ಹೋಗಿ ಒತ್ತಾಗಿ ಕೂರುತ್ತದೆ. ಇಲ್ಲಿ # ಹಾಕಬೇಡಿ. ಹಾಕಿದರೆ ‘ಮಾರ್ಕೆಟ್ ನಲ್ಲಿ’ ಎಂದು ಜಾಗ ಬಿಟ್ಟು ಬರುತ್ತದೆ, ಅದೂ ತಪ್ಪೇ. ಆ ಒತ್ತಕ್ಷರವನ್ನು ಹೊಡೆದು ಅಂಚಿನಲ್ಲಿ ‘ಟ್‌ನ’ ಎಂದು ಬಿಡಿಬಿಡಿಯಾಗಿ ಬರೆದು, ಪಕ್ಕದಲ್ಲಿ ಸುತ್ತಿನೊಳಗೆ ‘ಒತ್ತು ಬೇಡ, ಜಾಗವೂ ಬೇಡ’ ಎಂದು ಸೂಚಿಸಿ. ಇಂಥದ್ದು ಒಂದು ಕಂಡರೆ ಪುಸ್ತಕದ ತುಂಬ ಇರುತ್ತದೆ. ಮೊದಲ ಪುಟದ ಮೇಲೆಯೇ ಸುತ್ತು ಹಾಕಿ ‘ಎಲ್ಲ ಕಡೆ ನೋಡಿ’ ಎಂದು ಬರೆಯಿರಿ. ಹಾಗೆಂದು ಒಳಗೆ ಗುರುತು ಹಾಕುವುದನ್ನು ಬಿಡಬೇಡಿ.

ಐದು ಸಾಲು ತಿದ್ದಿ ನೋಡೋಣ

ನಾಲೆಯ ಪುಸ್ತಕದಲ್ಲಿ ಬರುವಂಥ ಒಂದು ತುಣುಕನ್ನು ಇಲ್ಲಿ ಮಾಡಿಕೊಂಡಿದ್ದೇನೆ. ಕರಡಿನಲ್ಲಿ ಹೀಗೆ ಬಂದಿದೆ ಎಂದುಕೊಳ್ಳಿ:

1. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದಕ್ಕೂ
2. ಮುಂಚೆ ನಮ್ಮ ಊರಿನ ಗದೆಗಳಿಗೆ ಮಳೆಯೇ ಗತಿಯಾಗಿತ್ತು.
3. ನಾಲೆ ಬಂದಮೇಲೆ ಕಬ್ಬು ಬತ್ತ ಎರಡನ್ನೂ ಬೆಳೆಯ ತೊಡಗಿದರು
4. ಜಲಾಶಯದ ಗರಿಷ್ಠ ಮಟ್ಟ 128.40 ಅಡಿ. ಕಟ್ಟೆ ಕಟ್ಟೆ ತುಂಬಿದ ದಿನ
5. ಇಡೀ ಊರೇ ಕಟ್ಟೆಗೆ ನೋಡಲು ಹೋಗುತ್ತಿತ್ತು.

ಮೊದಲ ಸಾಲಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ‘ಗದೆ’. ಭೀಮನ ಗದೆ ಕೂಡ ಸರಿಯಾದ ಪದವೇ ಆದ್ದರಿಂದ ಕಂಪ್ಯೂಟರ್ ಇದನ್ನು ಹಿಡಿಯುವುದಿಲ್ಲ. ಕಣ್ಣೇ ಹಿಡಿಯಬೇಕು. ‘ದೆ’ಯನ್ನು ಹೊಡೆದು ಅಂಚಿನಲ್ಲಿ ‘ದ್ದೆ /’ ಎಂದು ಬರೆಯುತ್ತೇನೆ. ತಪ್ಪು ಸಾಲಿನ ನಟ್ಟನಡುವೆ ಇದೆ. ಇಂಥ ಕಡೆ ಯಾವ ಅಂಚಾದರೂ ಸರಿ, ನಾನು ಎಡಕ್ಕೆ ಬರೆಯುತ್ತೇನೆ.

ಮೂರನೇ ಸಾಲು ತುಂಬಿಕೊಂಡಿದೆ. ‘ಬಂದ’ ಮತ್ತು ‘ಮೇಲೆ’ ನಡುವೆ ನೇರ ಗೆರೆ. ‘ಕಬ್ಬು’ ಆದ ಮೇಲೆ ಅಲ್ಪವಿರಾಮಕ್ಕೆ ಹಂಸಪಾದ. ಎರಡೂ ಎಡ ಅರ್ಧದಲ್ಲಿವೆ. ಹಾಗಾಗಿ ಎಡ ಅಂಚಿನಲ್ಲಿ ಕ್ರಮವಾಗಿ ‘# /’, ಆಮೇಲೆ ತಲೆಯ ಮೇಲೆ ಹಂಸಪಾದ ಇಟ್ಟ ‘, /’. ಬಲ ಅರ್ಧದಲ್ಲಿ ‘ಬೆಳೆಯ ತೊಡಗಿದರು’ ನಡುವೆ ಕಮಾನು, ವಾಕ್ಯದ ಕೊನೆಗೆ ಪೂರ್ಣವಿರಾಮಕ್ಕೆ ಹಂಸಪಾದ. ಬಲ ಅಂಚಿನಲ್ಲಿ ಜೋಡಿ ಕಮಾನು ಮತ್ತು ಓರೆಗೆರೆ, ಅದರ ಮುಂದೆ ‘⊙ /’.

ಆ ಸಾಲಿನ ‘ಬತ್ತ’ ಇನ್ನೂ ಇದೆ. ನಾನು ಮೊದಲು ‘ಬ’ ಹೊಡೆದು ‘ಭ’ ಎಂದು ಬರೆದೆ ಎಂದುಕೊಳ್ಳಿ. ಮುಂದಿನ ಪುಟಗಳಲ್ಲಿ ನೋಡಿದರೆ ಲೇಖಕರು ಎಲ್ಲ ಕಡೆಯೂ ‘ಬತ್ತ’ ಎಂದೇ ಬರೆದಿದ್ದಾರೆ. ಅದು ಅವರ ಬಳಕೆ, ತಪ್ಪಲ್ಲ. ಈಗ ನನ್ನ ತಿದ್ದುಪಡಿಯನ್ನು ವಾಪಸ್ ತೆಗೆದುಕೊಳ್ಳಬೇಕು. ಹೊಡೆದ ಅಕ್ಷರದ ಕೆಳಗೆ ಸಾಲಾಗಿ ಚುಕ್ಕಿಗಳನ್ನಿಟ್ಟು, ಅಂಚಿನ ‘ಭ’ವನ್ನು ಹೊಡೆದು, ಪಕ್ಕದಲ್ಲಿ ಸುತ್ತಿನೊಳಗೆ ಒಂದು ಟಿಕ್ ಹಾಕುತ್ತೇನೆ. ಬ್ರಿಟನ್ನಿನ ಮಾನಕದಲ್ಲಿ ‘ಇದ್ದ ಹಾಗೇ ಇರಲಿ’ ಎನ್ನಲು ಇದೇ ಗುರುತು. ನಾನು ಟಿಕ್ ಜೊತೆಗೆ ‘ಇರಲಿ’ ಎಂದೂ ಬರೆಯುತ್ತೇನೆ. ಏಕೆಂದರೆ ಅಂಗಡಿಯಲ್ಲಿ ತಿದ್ದಿ ಮುಗಿಸಿದ್ದಕ್ಕೂ ಟಿಕ್ ಹಾಕುತ್ತಾರೆ, ಎರಡೂ ಕಲಸಿಹೋಗಬಾರದು. ಅಳಿಸುವ ಬಿಳಿ ಬಣ್ಣ ಬಳಿಯಬೇಡಿ. ಒಣಗಿದ ಮೇಲೆ ಕೆಳಗೆ ಏನಿತ್ತು ಎಂದು ನಮಗೂ ಗೊತ್ತಾಗುವುದಿಲ್ಲ.

ನಾಲ್ಕನೇ ಸಾಲಿನಲ್ಲಿ ‘128.40’. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ ಎಂದು ಈ ಕಡೆಯ ಜನಕ್ಕೆ ಬಾಯಿಪಾಠ, ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಓದುತ್ತೇವೆ. 4 ಮತ್ತು 8 ಅದಲುಬದಲಾಗಿದೆ. ಹಾವಿನ ಗೆರೆ ಎಳೆಯುವ ಆಸೆಯಾಗುತ್ತದೆ, ಆದರೆ ಎರಡು ಅಂಕಿಗಳ ಮಧ್ಯೆ ಬಿಂದು ಇದೆ. ಪೂರ್ತಿ ಹೊಡೆದು ಎಡ ಅಂಚಿನಲ್ಲಿ ‘124.80 /’. ಮೂಲಪ್ರತಿಯಲ್ಲೂ 128.40 ಎಂದೇ ಇದ್ದರೆ ಅದು ಟೈಪ್ ಮಾಡಿದವರ ತಪ್ಪಲ್ಲ. ಆಗ ನೀಲಿಯಲ್ಲಿ ಬರೆದು, ಸುತ್ತಿನೊಳಗೆ ‘ಲೇಖಕರನ್ನು ಕೇಳಿ?’ ಎಂದು ಸೇರಿಸುತ್ತೇನೆ. ಕೇಳದೆ ಅಂಕಿ ಬದಲಾಯಿಸುವ ಹಕ್ಕು ಕರಡು ತಿದ್ದುವವರಿಗಿಲ್ಲ. ಅದೇ ಸಾಲಿನಲ್ಲಿ ‘ಕಟ್ಟೆ ಕಟ್ಟೆ’. ಎರಡನೆಯದನ್ನು ಹೊಡೆದು ಬಲ ಅಂಚಿನಲ್ಲಿ ಕುಣಿಕೆ ಮತ್ತು ಓರೆಗೆರೆ. ಇದು ಪೂರ್ತಿ ಪದವಾದ್ದರಿಂದ ಕಮಾನು ಬೇಡ.

ಐದನೇ ಸಾಲಿನಲ್ಲಿ ಮೂಲಪ್ರತಿಯಲ್ಲಿ ಇದ್ದದ್ದು ‘ನೋಡಲು ಕಟ್ಟೆಗೆ’. ಎರಡೇ ಪದ, ಪಕ್ಕಪಕ್ಕದಲ್ಲಿವೆ. ಹಾವಿನ ಗೆರೆ, ಅಂಚಿನಲ್ಲಿ ‘∽ /’.

ತಿದ್ದುಪಡಿ ಆದ ಮೇಲೆ ಆ ಭಾಗ ಹೀಗೆ ಬರಬೇಕು: ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ನಮ್ಮ ಊರಿನ ಗದ್ದೆಗಳಿಗೆ ಮಳೆಯೇ ಗತಿಯಾಗಿತ್ತು. ನಾಲೆ ಬಂದ ಮೇಲೆ ಕಬ್ಬು, ಬತ್ತ ಎರಡನ್ನೂ ಬೆಳೆಯತೊಡಗಿದರು. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ತುಂಬಿದ ದಿನ ಇಡೀ ಊರೇ ನೋಡಲು ಕಟ್ಟೆಗೆ ಹೋಗುತ್ತಿತ್ತು.

ಈಗ ಪುಟದ ಕೆಳಗೆ, ಮೂಲೆಯಲ್ಲಿ, ಒಟ್ಟು ತಿದ್ದುಪಡಿಗಳ ಸಂಖ್ಯೆ ಬರೆದು ಸುತ್ತು ಹಾಕಿ. ಇಲ್ಲಿ ‘ಇರಲಿ’ ಬಿಟ್ಟು ಎಂಟು. ಟೈಪ್ ಮಾಡುವವರು ಒಂದೊಂದು ಮುಗಿಸಿದಾಗಲೂ ಅಂಚಿನ ಗುರುತಿಗೆ ಟಿಕ್ ಹಾಕಿ ಕೊನೆಗೆ ಎಣಿಸಿದರೆ ಏಳೇ ಆಗಿದೆ ಎಂದು ತಕ್ಷಣ ತಿಳಿಯುತ್ತದೆ. ಇದು ಯಾವ ಮಾನಕದಲ್ಲೂ ಹೇಳಿದ್ದಲ್ಲ, ನನ್ನ ರೂಢಿ. ಇದರಿಂದ ಉಳಿದ ಕೆಲಸ ಬಹಳ.

ದೊಡ್ಡ ಸೇರ್ಪಡೆ

ಮೂರು ಸಾಲಿಗಿಂತ ಜಾಸ್ತಿ ಸೇರಿಸಬೇಕಾದರೆ ಅಂಚಿನಲ್ಲಿ ಇರುಕಿಸಬೇಡಿ. ಹಂಸಪಾದ ಹಾಕಿ, ಅಂಚಿನಲ್ಲಿ ಸುತ್ತಿನೊಳಗೆ ‘46-ಅ ಸೇರಿಸಿ’ ಎಂದು ಬರೆಯಿರಿ. ಬೇರೆ ಹಾಳೆಯಲ್ಲಿ ಮೇಲೆ ‘46-ಅ’ ಎಂದು ಗುರುತಿಸಿ ಆ ಭಾಗವನ್ನು ಟೈಪ್ ಮಾಡಿಸಿ ಅಥವಾ ಬಿಡಿಸಿ ಬರೆದು 46ನೇ ಪುಟದ ಹಿಂದೆಯೇ ಇಡಿ. ಅದೇ ಪುಟಕ್ಕೆ ಇನ್ನೊಂದು ಇದ್ದರೆ ‘46-ಆ’. ಚೀಟಿ ಪಿನ್ ಮಾಡಿ ನೇತುಹಾಕುವುದು ಬೇಡ, ಬಿದ್ದುಹೋಗುತ್ತದೆ.

ಅಂಗಡಿಗೆ ಕೊಡುವಾಗ, ವಾಪಸ್ ಬಂದಾಗ

ಹೊಸ ಡಿಟಿಪಿಯವರಾದರೆ ಕರಡಿನ ಮೇಲೆ ಒಂದು ಹಾಳೆ ಇಡಿ. ಅದರಲ್ಲಿ ನೀವು ಬಳಸಿದ ಹತ್ತು ಹನ್ನೆರಡು ಗುರುತು, ಪಕ್ಕದಲ್ಲಿ ಅದರ ಅರ್ಥ. ಐದು ನಿಮಿಷ ಅವರ ಪಕ್ಕ ಕೂತು ಒಂದು ಪುಟ ಜೊತೆಯಲ್ಲಿ ಓದಿ. ಶಿವರಾಂಪೇಟೆಯ ಅಂಗಡಿಯಲ್ಲಿ ಹಾಗೆ ಕೂತಾಗ ಟೈಪ್ ಮಾಡುವ ಹುಡುಗಿ ಕೇಳಿದಳು, “ಸಾರ್, ಈ # ಅಂದ್ರೆ ನಂಬರ್ ಹಾಕ್ಬೇಕಾ?” ಕೇಳಿದ್ದು ಒಳ್ಳೆಯದಾಯಿತು. ಆ ಪುಸ್ತಕದಲ್ಲಿ ನೂರಾರು ಕಡೆ ನಾನು # ಹಾಕಿದ್ದೆ.

ಪುಟಗಳ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ ಬಣ್ಣದ ಫೋಟೋ ಇರಲಿ, ಪುಟಸಂಖ್ಯೆ ಮತ್ತು ಎರಡೂ ಅಂಚು ಪೂರ್ತಿ ಬರಲಿ. ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಕುಗ್ಗಿ, ಸಣ್ಣ ಗುರುತುಗಳು ಮಂಕಾಗುತ್ತವೆ.

ಎರಡನೇ ಕರಡು ಬಂದಾಗ ಮೊದಲನೆಯದನ್ನು ಪಕ್ಕದಲ್ಲಿಟ್ಟುಕೊಂಡು ಗುರುತು ಗುರುತಾಗಿ ನೋಡಿ. ತಿದ್ದಿದ ಪದವನ್ನು ಮಾತ್ರ ನೋಡಿದರೆ ಸಾಲದು. ಆ ಸಾಲನ್ನೂ, ಅಲ್ಲಿಂದ ಪ್ಯಾರಾದ ಕೊನೆಯವರೆಗೂ ಓದಿ. ಒಂದು ಪದ ಸೇರಿದರೆ ಸಾಲುಗಳು ಮುಂದೆ ಸರಿಯುತ್ತವೆ, ಸಾಲಿನ ಕೊನೆಯಲ್ಲಿ ಪದ ಒಡೆಯುವ ಜಾಗ ಬದಲಾಗುತ್ತದೆ. ‘ಗದೆ’ಯನ್ನು ‘ಗದ್ದೆ’ ಮಾಡುವ ಭರದಲ್ಲಿ ಮುಂದಿನ ‘ಗಳಿಗೆ’ ಅಳಿಸಿಹೋಗಿದ್ದನ್ನೂ ನಾನು ನೋಡಿದ್ದೇನೆ. ಆಗದೆ ಉಳಿದ ತಿದ್ದುಪಡಿಯನ್ನು ಹೊಸ ಕರಡಿನ ಮೇಲೆ ಮತ್ತೆ ಪೂರ್ತಿಯಾಗಿ ಗುರುತು ಹಾಕಿ. ‘ಹಿಂದಿನದ್ದು ನೋಡಿ’ ಎಂದು ಬರೆದರೆ ಹಿಂದಿನ ಕಟ್ಟು ಅಷ್ಟರಲ್ಲಿ ರದ್ದಿಗೆ ಹೋಗಿರುತ್ತದೆ. ಪುಸ್ತಕ ಅಚ್ಚಾಗಿ ಕೈಗೆ ಬರುವವರೆಗೂ ಎಲ್ಲ ಕರಡುಗಳನ್ನೂ ತಾರೀಕು ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ.